ನೂರು ರಿಮ್ ಪೇಪರ್, ಮೂವತ್ತು ದಿನದ ಉದ್ರಿ: ಹೋಲ್‌ಸೇಲ್ ಲೆಕ್ಕದ ಟಿಪ್ಪಣಿ

ನಮ್ಮ ಪಠ್ಯದಲ್ಲಿ ಕೊಟೇಶನ್, ಉದ್ರಿ, ಬಿಲ್ಲು ಮೂರೂ ಬೇರೆ ಬೇರೆ ಪಾಠ. ಬೆಂಗಳೂರಿನ ಅವೆನ್ಯೂ ರೋಡ್ ಕಡೆ ಮಾಮ ಸ್ಟೇಷನರಿ ಹೋಲ್‌ಸೇಲ್ ಮಾಡುತ್ತಾರೆ. ರಜೆಯಲ್ಲಿ ಅಲ್ಲಿ ಕೂತಾಗ ಇವು ಮೂರೂ ಒಂದೇ ಕೆಲಸ ಅಂತ ಗೊತ್ತಾಯಿತು. ಕೊಟೇಶನ್‌ನಲ್ಲಿ ಬರೆಯದೆ ಬಿಟ್ಟಿದ್ದು ಬಿಲ್ಲಿನ ಹೊತ್ತಿಗೆ ಜಗಳವಾಗಿ ಬರುತ್ತದೆ. ಅದಕ್ಕೇ ಒಂದೇ ಆರ್ಡರ್ ಹಿಡಿದು ಕೊನೆವರೆಗೂ ನೋಡೋಣ: ಒಂದು ಆಫೀಸಿಗೆ ನೂರು ರಿಮ್ ಎ4 ಪೇಪರ್. ಕೆಳಗಿನ ರೇಟುಗಳು ಲೆಕ್ಕ ಸುಲಭವಾಗಲಿ ಅಂತ ನಾನೇ ಇಟ್ಟುಕೊಂಡವು, ಮಾರ್ಕೆಟ್ ರೇಟು ಅಂತ ತಿಳಿಯಬೇಡಿ.

ರೇಟು ಹೇಳುವ ಮುಂಚೆ

ಆಫೀಸಿನಿಂದ ಫೋನ್ ಬಂತು, "ಎ4 ಪೇಪರ್ ನೂರು ರಿಮ್ ಬೇಕು, ರೇಟ್ ಹೇಳಿ." ನಾನು ತಕ್ಷಣ ಹೇಳೋಕೆ ಹೊರಟೆ. ಮಾಮ ಕೈಸನ್ನೆ ಮಾಡಿ ತಡೆದರು. ಫೋನ್ ಇಟ್ಟ ಮೇಲೆ, "ಯಾವ ಪೇಪರ್ ಅಂತ ಕೇಳಿದೆಯಾ? ಎಷ್ಟನೇ ಮಹಡಿ ಅಂತ ಕೇಳಿದೆಯಾ? ದುಡ್ಡು ಯಾವಾಗ ಬರುತ್ತೆ ಅಂತ ಕೇಳಿದೆಯಾ? ಮತ್ತೆ ಯಾವುದಕ್ಕೆ ರೇಟ್ ಹೇಳ್ತೀಯ?" ಅಂದರು.

ಎ4 ಅಂದರೆ ಅಳತೆ ಮಾತ್ರ. ಪೇಪರ್ 70 ಜಿಎಸ್‌ಎಂ ಇರಬಹುದು, 75 ಇರಬಹುದು, 80 ಕೂಡ ಇರಬಹುದು. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಪೇಪರ್ ಎಷ್ಟು ಗ್ರಾಂ ತೂಗುತ್ತದೆ ಅನ್ನೋದು. 500 ಹಾಳೆಯ 75 ಜಿಎಸ್‌ಎಂ ರಿಮ್ ತಕ್ಕಡಿಗಿಟ್ಟರೆ ಸುಮಾರು 2.34 ಕೆಜಿ ಬರಬೇಕು, 70 ಜಿಎಸ್‌ಎಂ ಆದರೆ 2.18 ಕೆಜಿ. ಇಬ್ಬರ ರೇಟಿನಲ್ಲಿ ಹತ್ತು ರೂಪಾಯಿ ವ್ಯತ್ಯಾಸ ಕಂಡರೆ ಮೊದಲು ತಕ್ಕಡಿ ನೋಡಿ. ಒಮ್ಮೊಮ್ಮೆ ಕಡಿಮೆ ರೇಟಿನ ಗುಟ್ಟು ಆ ನೂರೈವತ್ತು ಗ್ರಾಂನಲ್ಲೇ ಇರುತ್ತದೆ. ಹಾಗಾಗಿ ಕೊಟೇಶನ್‌ನಲ್ಲಿ ಬ್ರಾಂಡ್, ಜಿಎಸ್‌ಎಂ, ರಿಮ್‌ಗೆ ಎಷ್ಟು ಹಾಳೆ, ಬಾಕ್ಸಿಗೆ ಎಷ್ಟು ರಿಮ್ ಎಲ್ಲವೂ ಇರಲಿ. "ಎ4 ಪೇಪರ್ 100" ಅಂತ ಸುಮ್ನೆ ಬರೆದರೆ ಬೇರೆಯವರು 70 ಜಿಎಸ್‌ಎಂಗೆ ಹೇಳಿದ ರೇಟನ್ನು ತಂದು ನಮ್ಮ 75 ಜಿಎಸ್‌ಎಂ ಪಕ್ಕ ಇಡುತ್ತಾರೆ.

ಮಹಡಿ ಯಾಕೆ ಕೇಳಬೇಕು? ಹತ್ತು ರಿಮ್‌ನ ಒಂದು ಬಾಕ್ಸ್ ಇಪ್ಪತ್ತಮೂರು ಕೆಜಿಗಿಂತ ಜಾಸ್ತಿ. ನೂರು ರಿಮ್ ಅಂದರೆ ಅಂಥ ಹತ್ತು ಬಾಕ್ಸ್. ಲಿಫ್ಟ್ ಇಲ್ಲದ ಮೂರನೇ ಮಹಡಿಗೆ ಆಟೋದವನು ಹೊತ್ತು ಹಾಕಲ್ಲ, ಹಮಾಲಿ ಬೇರೆ ಕೊಡಬೇಕು. "ಡೆಲಿವರಿ ನೆಲಮಹಡಿವರೆಗೆ" ಅಂತ ಒಂದು ಸಾಲು ಬರೆದಿದ್ದರೆ ಬಾಗಿಲಲ್ಲಿ ನಿಂತು ವಾದ ಮಾಡುವ ಕೆಲಸ ಇಲ್ಲ.

ಒಂದೇ ರೇಟು, ಇಬ್ಬರಿಗೆ ಎರಡು ಲೆಕ್ಕ

ನಾವು ರಿಮ್‌ಗೆ 225 ರೂಪಾಯಿ ಹೇಳಿದೆವು ಅಂದುಕೊಳ್ಳಿ. 2025ರ ಸೆಪ್ಟೆಂಬರ್ 22ರ ನಂತರ ಕಾಪಿಯರ್ ಪೇಪರ್‌ಗೆ ಜಿಎಸ್‌ಟಿ 18%, ಮುಂಚೆ 12% ಇತ್ತು. ಹಾಗಾಗಿ ಕೈಗೆ ಬರುವ ರೇಟು 265.50.

ಜಿಎಸ್‌ಟಿ ನೋಂದಣಿ ಇರುವ ಆಫೀಸಿಗೆ ಸಾಮಾನ್ಯವಾಗಿ ಆ 40.50 ಹೊರೆ ಅಲ್ಲ. ಅವರು ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುತ್ತಾರೆ. ಅವರು ಹೋಲಿಸಿ ನೋಡುವುದು 225 ಅನ್ನು. ಆದರೆ ನೋಂದಣಿ ಇಲ್ಲದ ಮೂಲೆ ಜೆರಾಕ್ಸ್ ಅಂಗಡಿಗೆ, ಅಥವಾ ಕಾಂಪೊಸಿಷನ್‌ನಲ್ಲಿ, ಅಂದರೆ ವಹಿವಾಟಿನ ಮೇಲೆ ಸಣ್ಣ ಶೇಕಡಾವಾರು ತೆರಿಗೆ ಕಟ್ಟುವ ಯೋಜನೆಯಲ್ಲಿ ಇರುವ ಅಂಗಡಿಗೆ ಕ್ರೆಡಿಟ್ ಸಿಗಲ್ಲ. ಅವರಿಗೆ ಪೇಪರ್ ಬೆಲೆ ಅಂದರೆ 265.50, ಅಷ್ಟೇ. ಅವರಿಗೆ "225 ಪ್ಲಸ್ ಜಿಎಸ್‌ಟಿ" ಅಂದರೆ 225 ಮಾತ್ರ ಕಿವಿಗೆ ಬೀಳುತ್ತದೆ, ಬಿಲ್ಲು ನೋಡಿ ಮುಖ ಊದಿಸಿಕೊಳ್ಳುತ್ತಾರೆ. ಹಾಗಾಗಿ ಆಫೀಸಿನ ಕೊಟೇಶನ್‌ನಲ್ಲಿ ತೆರಿಗೆ ಬೇರೆ ತೋರಿಸಿ, ಅಂಗಡಿಯವರಿಗೆ ಬಾಯಲ್ಲಿ ಹೇಳುವಾಗ ಎಲ್ಲ ಸೇರಿಸಿ ಹೇಳಿ.

ಕೊಟೇಶನ್‌ಗೆ ಗಡುವೂ ಹಾಕಿ. ಪೇಪರ್ ರೇಟು ನಿಂತ ಕಡೆ ನಿಲ್ಲಲ್ಲ. ಮಾಮ ಏಳು ದಿನ ಬರೆಯುತ್ತಾರೆ. ಗಡುವಿಲ್ಲದ ಕೊಟೇಶನ್ ಎರಡು ತಿಂಗಳಾದ ಮೇಲೆ ಆರ್ಡರ್ ಆಗಿ ಬಂದರೆ ಹಳೇ ರೇಟಿಗೆ ಕೊಡಿ ಅಂತ ಕೂರುತ್ತಾರೆ.

ಉದ್ರಿಗೂ ಒಂದು ರೇಟಿದೆ

ಇದು ನನಗೆ ಅರ್ಥ ಆಗೋಕೆ ಜಾಸ್ತಿ ಹೊತ್ತು ಹಿಡಿದ ಭಾಗ. ನಿಧಾನವಾಗಿ ಓದಿ.

ರಿಮ್ ನಮಗೆ 210ಕ್ಕೆ ಬಿದ್ದಿದೆ, ಮಾರುವುದು 225ಕ್ಕೆ. ರಿಮ್‌ಗೆ ಹದಿನೈದು, ನೂರಕ್ಕೆ 1,500 ರೂಪಾಯಿ. ಸಾಗಣೆ, ಹಮಾಲಿ 400 ತೆಗೆದರೆ 1,100 ಉಳಿಯಿತು. ನಗದು ವ್ಯಾಪಾರ ಆಗಿದ್ದರೆ ಲೆಕ್ಕ ಇಲ್ಲಿಗೇ ಮುಗಿಯುತ್ತಿತ್ತು.

ಈಗ ಆಫೀಸು ಮೂವತ್ತು ದಿನ ಕ್ರೆಡಿಟ್ ಕೇಳಿತು. ನಾವು ಮಾಲು ತರುವಾಗ ತೆರಿಗೆ ಸೇರಿ 24,780 ಕೊಟ್ಟಿದ್ದೇವೆ. ಅದರಲ್ಲಿ 3,780 ಜಿಎಸ್‌ಟಿ. ಮಾರುವಾಗ ಬಿಲ್ಲಿನಲ್ಲಿ ಹಾಕುವ ಜಿಎಸ್‌ಟಿ 4,050. ಎರಡರ ವ್ಯತ್ಯಾಸ 270 ರೂಪಾಯಿಯನ್ನು, ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಾದರೆ, ಮುಂದಿನ ತಿಂಗಳ 20ರೊಳಗೆ ಕಟ್ಟಬೇಕು. ಗಿರಾಕಿ ದುಡ್ಡು ಕೊಟ್ಟಿರಲಿ ಬಿಡಲಿ, ಬಿಲ್ಲು ಹಾಕಿದ ಮೇಲೆ ತೆರಿಗೆ ನಮ್ಮ ಜವಾಬ್ದಾರಿ. "ಉದ್ರಿ ಕೊಟ್ಟರೆ 18% ಪೂರ್ತಿ ಮತ್ತೆ ಕೈಯಿಂದ ಕಟ್ಟಬೇಕು" ಅಂತ ಕ್ಲಾಸಿನಲ್ಲಿ ಕೆಲವರು ಹೇಳುತ್ತಾರೆ. ಅದು ಸರಿಯಲ್ಲ. ರಿಟರ್ನ್‌ನಲ್ಲಿ ಹೊಸದಾಗಿ ಕಟ್ಟುವುದು ವ್ಯತ್ಯಾಸ ಮಾತ್ರ, ಆದರೆ ಖರೀದಿಯಲ್ಲಿ ಕೊಟ್ಟ ತೆರಿಗೆ ಆಗಲೇ ಸಿಕ್ಕಿಕೊಂಡಿದೆ. ಒಟ್ಟು 25,050 ರೂಪಾಯಿ ಆ ಆಫೀಸಿನಲ್ಲಿ ಕೂತಿದೆ ಅಂತ ಹಿಡಿಯಿರಿ.

ಈ ದುಡ್ಡಿಗೆ ತಿಂಗಳಿಗೆ ನೂರಕ್ಕೆ ಒಂದೂವರೆ ಬಡ್ಡಿ ಹಾಕಿ. ತಿಂಗಳಿಗೆ ಸುಮಾರು 376 ರೂಪಾಯಿ. ಮೂವತ್ತು ದಿನಕ್ಕೆ ಸರಿಯಾಗಿ ಬಂದರೆ ಲಾಭ 724ಕ್ಕೆ ಇಳಿಯಿತು. ಅರವತ್ತು ದಿನಕ್ಕೆ ಬಂದರೆ 348. ತೊಂಬತ್ತು ದಿನಕ್ಕೆ ಬಂದರೆ ಬಡ್ಡಿಯೇ 1,127, ಅಂದರೆ 27 ರೂಪಾಯಿ ನಷ್ಟ. ಬಿಲ್ಲು ಪೂರ್ತಿ ವಸೂಲಾಗಿದೆ, ಒಂದು ಹಾಳೆಯೂ ವಾಪಸ್ ಬಂದಿಲ್ಲ, ಆದರೂ ನಷ್ಟ! ನಮಗೆ ಮಾಲು ಕೊಡುವವರೂ ಹದಿನೈದು ದಿನ ಬಿಟ್ಟರೆ ಅಷ್ಟು ದಿನದ ಬಡ್ಡಿ ಉಳಿಯುತ್ತದೆ. ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಅದಕ್ಕೇ ಮಾಮ ಎರಡು ರೇಟು ಬರೆಯುತ್ತಾರೆ. ನಗದಿಗೆ 225, ಮೂವತ್ತು ದಿನಕ್ಕೆ 229. ರಿಮ್‌ಗೆ ನಾಲ್ಕು ರೂಪಾಯಿ, ನೂರಕ್ಕೆ 400, ಒಂದು ತಿಂಗಳ ಬಡ್ಡಿ ಅಲ್ಲಿಗೆ ಸರಿಹೋಯಿತು. "ತಡವಾದರೆ 24% ಬಡ್ಡಿ" ಅಂತ ಬಿಲ್ಲಿನ ಕೆಳಗೆ ಅಚ್ಚು ಹಾಕಿಸುವುದು ಎಲ್ಲರ ಅಭ್ಯಾಸ. ಅದನ್ನು ವಸೂಲು ಮಾಡಿದವರನ್ನು ನಾನಂತೂ ಆ ಬೀದಿಯಲ್ಲಿ ನೋಡಿಲ್ಲ. ರೇಟಿನಲ್ಲೇ ಸೇರಿಸುವುದು ವಾಸಿ.

ಇನ್ನೊಂದು ತಪ್ಪು ತಿಳಿವಳಿಕೆ 45 ದಿನದ ನಿಯಮದ್ದು. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ದಿಮೆಗೆ ಒಪ್ಪಂದ ಇದ್ದರೂ 45 ದಿನದೊಳಗೆ ಪಾವತಿ ಆಗಬೇಕು, ಬರವಣಿಗೆಯ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ. ತಯಾರಕರಿಗೆ, ಸೇವೆ ಕೊಡುವವರಿಗೆ ಇದು ಅನ್ವಯಿಸುತ್ತದೆ. ಕೊಂಡು ಮಾರುವ ವ್ಯಾಪಾರಿಗಳಿಗೆ 2021ರಿಂದ ಉದ್ಯಮ್ ನೋಂದಣಿ ಸಿಗುತ್ತದೆ ನಿಜ, ಆದರೆ ಅದರ ಪ್ರಯೋಜನ ಬ್ಯಾಂಕಿನ ಆದ್ಯತಾ ಸಾಲಕ್ಕೆ ಮಾತ್ರ. ಉದ್ಯಮ್ ನಂಬರ್ ಬಿಲ್ಲಿನಲ್ಲಿ ಅಚ್ಚಾಗಿದೆ, ಇನ್ನು 45 ದಿನದಲ್ಲಿ ಕೊಟ್ಟೇ ಕೊಡುತ್ತಾರೆ ಅಂತ ಹೋಲ್‌ಸೇಲ್‌ನವರು ಕೂರುವ ಹಾಗಿಲ್ಲ.

ಬಿಲ್ಲು ಎಲ್ಲಿ ಸಿಕ್ಕಿಕೊಳ್ಳುತ್ತದೆ

ನಾನೇ ಮಾಡಿದ ತಪ್ಪು ಹೇಳುತ್ತೇನೆ. ಒಂದು ಕಂಪನಿಗೆ ಮಾಲು ಹೋಯಿತು. ಅವರ ಮುಖ್ಯ ಕಚೇರಿ ಮುಂಬೈಯಲ್ಲಿ, ಮಾಲು ಇಳಿದಿದ್ದು ಜಯನಗರದಲ್ಲಿ. ಮೇಲ್‌ನ ಕೆಳಗೆ ಇದ್ದ ಜಿಎಸ್‌ಟಿ ನಂಬರನ್ನೇ ನೋಡಿ ಬಿಲ್ಲಿಗೆ ಹಾಕಿದೆ. ಅದು 27ರಿಂದ ಶುರುವಾಗಿತ್ತು. 27 ಮಹಾರಾಷ್ಟ್ರದ ಸಂಖ್ಯೆ, ಕರ್ನಾಟಕದ್ದು 29. ನಂಬರಿನ ಹದಿನೈದು ಅಕ್ಷರದಲ್ಲಿ ಮೊದಲ ಎರಡು ರಾಜ್ಯದ್ದು, ಮುಂದಿನ ಹತ್ತು ಪ್ಯಾನ್. ಒಂದೇ ಕಂಪನಿಯ ಎಲ್ಲ ರಾಜ್ಯದ ನಂಬರಿನಲ್ಲೂ ಮಧ್ಯದ ಪ್ಯಾನ್ ಒಂದೇ ಇರುವುದರಿಂದ ಕಣ್ಣಿಗೆ ತಪ್ಪು ಅನ್ನಿಸಲೇ ಇಲ್ಲ.

ತಿಂಗಳಾಯಿತು, ದುಡ್ಡು ಬರಲಿಲ್ಲ. ಫೋನ್ ಮಾಡಿದರೆ ಅಕೌಂಟ್ಸ್‌ನವರು, "ನಮ್ಮ 2ಬಿಯಲ್ಲಿ ನಿಮ್ಮ ಬಿಲ್ ಕಾಣ್ತಿಲ್ಲ ಸರ್, ಹೋಲ್ಡ್‌ನಲ್ಲಿದೆ" ಅಂದರು. ನಾವು ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ತೋರಿಸಿದ ಬಿಲ್ಲು ಕೊಳ್ಳುವವರ ಕ್ರೆಡಿಟ್ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸಬೇಕು. ನಾನು ಮಹಾರಾಷ್ಟ್ರದ ನಂಬರ್ ಹಾಕಿದ್ದರಿಂದ ಅದು ಅವರ ಕರ್ನಾಟಕದ ನಂಬರಿನ 2ಬಿಗೆ ಬಂದಿರಲಿಲ್ಲ. 2ಬಿಯಲ್ಲಿ ಇಲ್ಲದಿದ್ದರೆ ಅವರಿಗೆ ಕ್ರೆಡಿಟ್ ಇಲ್ಲ, ನಮಗೆ ದುಡ್ಡಿಲ್ಲ. ಮುಂದಿನ ರಿಟರ್ನ್‌ನಲ್ಲಿ ತಿದ್ದಿ, ಅದು ಅವರಿಗೆ ಕಾಣುವ ಹೊತ್ತಿಗೆ ಮತ್ತೊಂದು ತಿಂಗಳು ಹೋಯಿತು. ಮೇಲಿನ ಲೆಕ್ಕ ನೋಡಿ, ನನ್ನ ಒಂದು ಅಂಕಿಯ ಬೆಲೆ ಎಷ್ಟು ಅಂತ.

ಈಗ ಆರ್ಡರ್ ಬಂದಾಗಲೇ ಮೂರು ವಿಷಯ ಕೇಳಿ ಬರೆದುಕೊಳ್ಳುತ್ತೇನೆ: ಮಾಲು ಇಳಿಯುವ ವಿಳಾಸದ ಜಿಎಸ್‌ಟಿ ನಂಬರ್, ಅವರ ಪಿಒ ಅಂದರೆ ಪರ್ಚೇಸ್ ಆರ್ಡರ್ ನಂಬರ್, ಬಿಲ್ಲು ಯಾರ ಕೈಗೆ ಕೊಡಬೇಕು. ಕೊನೆಯದು ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಎಷ್ಟೋ ಆಫೀಸುಗಳಲ್ಲಿ ಮೂವತ್ತು ದಿನ ಎಣಿಸುವುದು ಬಿಲ್ಲಿನ ತಾರೀಖಿನಿಂದ ಅಲ್ಲ, ಬಿಲ್ಲು ಅಕೌಂಟ್ಸ್ ಮೇಜಿಗೆ ಬಂದ ದಿನದಿಂದ. ಸೆಕ್ಯೂರಿಟಿ ಹತ್ತಿರ ಕೊಟ್ಟು ಬಂದ ಬಿಲ್ಲು ಹತ್ತು ದಿನ ಅಲ್ಲೇ ಡ್ರಾಯರಿನಲ್ಲಿ ಮಲಗಿರುತ್ತದೆ. ಹಾಗಾಗಿ ಕೊಟೇಶನ್‌ನಲ್ಲೇ "ಬಿಲ್ಲಿನ ತಾರೀಖಿನಿಂದ 30 ದಿನ" ಅಂತ ಬರೆಯಬೇಕು, ಬಿಲ್ಲಿನ ಮೇಲೆ ಕೊಡಬೇಕಾದ ಕೊನೆ ತಾರೀಖನ್ನೇ ಹಾಕಬೇಕು. ನಕಲಿನ ಮೇಲೆ ಸೀಲು, ಸಹಿ, ತಾರೀಖು ಮೂರೂ ಬೇಕು. ಬರೀ ಗೀಚಿದ ಸಹಿ ಇದ್ದರೆ, ಆರು ತಿಂಗಳಾದ ಮೇಲೆ ಅದು ಯಾರದ್ದು ಅಂತ ಅವರಿಗೇ ಗೊತ್ತಿರಲ್ಲ.

ಬಿಲ್ ನಂಬರ್ ಹದಿನಾರು ಅಕ್ಷರ ಮೀರಬಾರದು, ಆ ಆರ್ಥಿಕ ವರ್ಷದಲ್ಲಿ ಮತ್ತೆ ಬರಬಾರದು. `AR/25-26/0412` ಥರ ಇಟ್ಟುಕೊಂಡರೆ ಸಾಕು.

ಅಂಗಡಿಯವರ ಖಾತೆ

ಸಣ್ಣ ಅಂಗಡಿಗಳಲ್ಲಿ ಪಿಒ ಇಲ್ಲ, ಅಕೌಂಟ್ಸ್ ಸೆಕ್ಷನ್ ಇಲ್ಲ. ಅಲ್ಲಿ ನಡೆಯುವುದು ಬಿಲ್ ಟು ಬಿಲ್: ಹೊಸ ಮಾಲು ಇಳಿಸುವಾಗ ಹಳೇ ಬಿಲ್ಲಿನ ದುಡ್ಡು. ಎರಡು ಬಿಲ್ಲು ಬಾಕಿ ಇದ್ದರೆ ಮೂರನೆಯದು ಇಲ್ಲ ಅನ್ನೋದು ಮಾಮನ ಕಟ್ಟುಪಾಡು. ಇಲ್ಲಿ ತೊಡಕಾಗುವುದು ರೌಂಡ್ ಫಿಗರ್‌ನಿಂದ. ಅಂಗಡಿಯವರು "ಸದ್ಯಕ್ಕೆ ಐದು ಸಾವಿರ ಇಟ್ಕೊಳಿ" ಅಂತ ಫೋನ್‌ಪೇ ಮಾಡುತ್ತಾರೆ, ಯಾವ ಬಿಲ್ಲಿಗೆ ಅಂತ ಹೇಳಲ್ಲ. ಮೂರು ಸಲ ಹೀಗಾದರೆ ಅವರ ಪುಸ್ತಕದಲ್ಲಿ ಹಳೇ ಬಿಲ್ಲು ತೀರಿರುತ್ತದೆ, ನಮ್ಮಲ್ಲಿ 640 ರೂಪಾಯಿ ಬಾಕಿ ನಿಂತಿರುತ್ತದೆ. ಜೊತೆಗೆ ಒದ್ದೆಯಾಗಿ ವಾಪಸ್ ಬಂದ ಎರಡು ರಿಮ್‌ಗೆ ಕ್ರೆಡಿಟ್ ನೋಟ್ ಹಾಕಿಲ್ಲದಿದ್ದರೆ ಮುಗಿದೇ ಹೋಯಿತು, ಲೆಕ್ಕ ಎಂದೂ ಕೂಡಲ್ಲ.

ಹಾಗಾಗಿ ದುಡ್ಡು ಬಂದ ಕೂಡಲೇ, ಅವರ ಎದುರೇ, ಹಳೇ ಬಿಲ್ಲಿನಿಂದ ಶುರುಮಾಡಿ ಇಷ್ಟು ಕಳೆದೆ ಅಂತ ನಂಬರ್ ಸಮೇತ ವಾಟ್ಸಾಪ್ ಕಳಿಸುತ್ತೇವೆ. ಶನಿವಾರ ಸಂಜೆ ಮಾಮ ಬಾಕಿ ಪಟ್ಟಿ ತೆಗೆದು 30 ದಿನ ದಾಟಿದ ಹೆಸರುಗಳ ಮುಂದೆ ಕೆಂಪು ಪೆನ್ನಲ್ಲಿ ಚುಕ್ಕೆ ಇಡುತ್ತಾರೆ. ಸೋಮವಾರ ಆ ಚುಕ್ಕೆಯವರ ಆರ್ಡರ್ ಬಂದರೆ ನಾನು ರೇಟು ಹೇಳಲ್ಲ, "ಮಾಮ ಮಾತಾಡ್ತಾರೆ, ಒಂದ್ನಿಮಿಷ" ಅಂತ ಫೋನ್ ದಾಟಿಸುತ್ತೇನೆ.