840 ದಾಖಲೆ, 21 ವರದಿ, 16 ಅಧ್ಯಯನ

ಎಂಡೋಸಲ್ಫಾನಿನಿಂದ ಮಕ್ಕಳ ಆರೋಗ್ಯಕ್ಕೆ ಏನಾಯಿತು ಎಂಬ ಬಗ್ಗೆ ಒಟ್ಟು ಎಷ್ಟು ಅಧ್ಯಯನ ನಡೆದಿದೆ? ಕಾಸರಗೋಡಿನಲ್ಲಿ ಈ ಪ್ರಶ್ನೆಗೆ ಒಬ್ಬೊಬ್ಬರು ಒಂದೊಂದು ಸಂಖ್ಯೆ ಹೇಳುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಎಣಿಸುತ್ತಿರುವ ವಸ್ತುವೇ ಬೇರೆ ಬೇರೆ, ಅಷ್ಟೇ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಈ ಕೀಟನಾಶಕ ಸಿಂಪಡಿಸುವುದು 2000ದಲ್ಲಿ ನಿಂತಿತು. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಎಣ್ಮಕಜೆ ಪಂಚಾಯತಿನ ಪಡ್ರೆಗೆ ಬಂದು ತನಿಖೆ ನಡೆಸಿದರು. ಆ ತನಿಖೆ ಸಂಸ್ಥೆಯ ವರದಿಯಾಗಿಯೂ ಬಂತು, ಅದರ ಒಂದು ಭಾಗ 2003ರಲ್ಲಿ ಅಂತಾರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಬಂಧವಾಗಿಯೂ ಬಂತು. ಪಡ್ರೆಯ ಕಡೆಯ 117 ಹುಡುಗರನ್ನು ಸಿಂಪಡಣೆ ಇಲ್ಲದ ಕಡೆಯ 90 ಹುಡುಗರ ಜೊತೆ ಹೋಲಿಸಿದ ಪ್ರಬಂಧ ಅದು. ಇದನ್ನು ಒಂದು ಎಂದು ಎಣಿಸಬೇಕೇ, ಎರಡು ಎಂದೇ?

ಒಂದು ವಿಷಯದ ಮೇಲಿನ ಅಧ್ಯಯನಗಳನ್ನೆಲ್ಲ ಹುಡುಕಿ, ಮೊದಲೇ ಬರೆದಿಟ್ಟ ನಿಯಮದಂತೆ ಸೋಸಿ, ಉಳಿದದ್ದನ್ನು ಒಟ್ಟಿಗೆ ನೋಡುವ ಕೆಲಸಕ್ಕೆ ವ್ಯವಸ್ಥಿತ ಅವಲೋಕನ ಎನ್ನುತ್ತಾರೆ. ಸಂಶೋಧಕರ ಬಾಯಲ್ಲಿ ಸಿಸ್ಟಮ್ಯಾಟಿಕ್ ರಿವ್ಯೂ. ಎಷ್ಟು ಸಿಕ್ಕಿತು, ಎಷ್ಟು ಬಿಟ್ಟೆವು, ಯಾಕೆ ಬಿಟ್ಟೆವು ಎಂಬುದನ್ನು ಅದರಲ್ಲಿ ಒಂದು ಹರಿವಿನ ಚಿತ್ರವಾಗಿ ತೋರಿಸಬೇಕು. 2021ರಲ್ಲಿ ಪ್ರಕಟವಾದ ‘ಪ್ರಿಸ್ಮಾ 2020’ ಮಾರ್ಗಸೂಚಿ ಇದಕ್ಕೆ ಅಚ್ಚು ಕೊಟ್ಟಿದೆ. ಚಿತ್ರ ನೋಡಲು ಬಲು ಸರಳ, ನಾಲ್ಕಾರು ಚೌಕ ಮತ್ತು ಬಾಣ. ಆದರೆ ಮೇಲಿನಿಂದ ಕೆಳಕ್ಕೆ ಬರುವಾಗ ಎಣಿಕೆಯ ಘಟಕ ಎರಡು ಸಲ ಬದಲಾಗುತ್ತದೆ. ಮೇಲೆ ಎಣಿಸುವುದು ದಾಖಲೆಯನ್ನು, ಅಂದರೆ ಡೇಟಾಬೇಸಿನಲ್ಲಿ ಕಾಣುವ ಶೀರ್ಷಿಕೆ ಮತ್ತು ಸಾರಾಂಶವನ್ನು. ನಡುವೆ ಎಣಿಸುವುದು ವರದಿಯನ್ನು, ಅಂದರೆ ಕೈಗೆ ತರಿಸಿಕೊಂಡು ಓದುವ ಪೂರ್ತಿ ಪ್ರಬಂಧವನ್ನು ಅಥವಾ ಪುಸ್ತಿಕೆಯನ್ನು. ಕೊನೆಗೆ ಎಣಿಸುವುದು ಅಧ್ಯಯನವನ್ನು, ಅಂದರೆ ಜನರ ನಡುವೆ ನಿಜವಾಗಿ ನಡೆದ ಕೆಲಸವನ್ನು. ಪಡ್ರೆಯ ತನಿಖೆಯ ವರದಿ ಎರಡಾದರೂ ಅಧ್ಯಯನ ಒಂದೇ.

ಕೆಳಗಿನ ಅಂಕಿಗಳು ಲೆಕ್ಕ ತೋರಿಸಲೆಂದೇ ಇಟ್ಟುಕೊಂಡವು, ಯಾವುದೇ ಪ್ರಕಟಿತ ಅವಲೋಕನದವಲ್ಲ. ಎಂಡೋಸಲ್ಫಾನ್ ಮತ್ತು ಮಕ್ಕಳ ಆರೋಗ್ಯ ಎಂದು ಪ್ರಬಂಧಗಳ ಡೇಟಾಬೇಸುಗಳಲ್ಲಿ ಹುಡುಕಿದಾಗ ಪಬ್‌ಮೆಡ್‌ನಲ್ಲಿ 212, ಸ್ಕೋಪಸ್‌ನಲ್ಲಿ 347, ವೆಬ್ ಆಫ್ ಸೈನ್ಸ್‌ನಲ್ಲಿ 281 ದಾಖಲೆ ಸಿಕ್ಕಿತು ಎಂದುಕೊಳ್ಳೋಣ. ಒಟ್ಟು 840.

ಮೊದಲ ಎಡವಟ್ಟು ಇಲ್ಲೇ ಕಾದಿರುತ್ತದೆ. ಪರದೆಯ ಮೇಲೆ ಕಂಡ ಸಂಖ್ಯೆಯೂ ಇಳಿಸಿಕೊಂಡ ಫೈಲಿನಲ್ಲಿರುವ ಸಂಖ್ಯೆಯೂ ಒಂದೇ ಎಂದು ನಂಬಿಬಿಡುತ್ತೇವೆ. ಪಬ್‌ಮೆಡ್‌ನಲ್ಲಿ ಉಳಿಸುವಾಗ `All results` ಬದಲು `All results on this page` ಆಯ್ಕೆಯಾಗಿದ್ದರೆ 212ರಲ್ಲಿ ಬರೀ 10 ಇಳಿದಿರುತ್ತದೆ. ಹತ್ತಾದರೆ ಕಣ್ಣಿಗೆ ಬೀಳುತ್ತದೆ. ಪುಟಕ್ಕೆ 200 ತೋರಿಸುವ ಹಾಗೆ ಇಟ್ಟುಕೊಂಡಿದ್ದರೆ 200 ಇಳಿದು 12 ದಾಖಲೆ ಮಾಯವಾದದ್ದು ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಪ್ರತಿ ಡೇಟಾಬೇಸಿಗೂ ಹುಡುಕಿದ ದಿನಾಂಕ, ಅಕ್ಷರ ಬಿಡದೆ ನಕಲಿಸಿದ ಹುಡುಕು ಸಾಲು, ಪರದೆಯ ಸಂಖ್ಯೆ, ಫೈಲಿನ ಸಂಖ್ಯೆ ಇವಿಷ್ಟನ್ನೂ ಅದೇ ದಿನ ಬರೆದಿಡಬೇಕು. ಡೇಟಾಬೇಸಿಗೆ ದಿನವೂ ಹೊಸತು ಸೇರುತ್ತಿರುತ್ತದೆ. ಮುಂದಿನ ತಿಂಗಳು ಅದೇ ಸಾಲು ಹಾಕಿದರೂ 212 ಸಿಗುವ ಭರವಸೆ ಇಲ್ಲ.

ಆಮೇಲೆ ಎಲ್ಲವನ್ನೂ ಒಂದೇ ಹಾಳೆಗೆ ತರಬೇಕು, ದಾಖಲೆಗೊಂದು ಸಾಲು. ಇಡೀ ಕೆಲಸಕ್ಕೆ ಒಂದೇ ಕಟ್ಟುನಿಟ್ಟಿನ ನಿಯಮ ಇಡುವುದಾದರೆ ನಾವು ಇಡುವುದು ಇದನ್ನು: ಯಾವ ಸಾಲನ್ನೂ ಅಳಿಸಬಾರದು. ಒಂದೇ ದಾಖಲೆ ಎರಡು ಡೇಟಾಬೇಸಿನಿಂದ ಬಂದು ನಕಲಾದರೂ, ಬೇಡವಾದರೂ ಸಾಲು ಅಲ್ಲೇ ಇರಲಿ, ಪಕ್ಕದ ಅಂಕಣದಲ್ಲಿ ಗುರುತು ಬೀಳಲಿ. ಎಣಿಕೆಗೆ ಅಂಕಣಗಳು ಒಂಬತ್ತು ಸಾಕು, ಶೀರ್ಷಿಕೆ ಮತ್ತು ಲೇಖಕರ ಹೆಸರು ಅವುಗಳ ಬಲಕ್ಕಿರಲಿ. A ಯಲ್ಲಿ ಕ್ರಮಸಂಖ್ಯೆ, B ಯಲ್ಲಿ ಡೇಟಾಬೇಸಿನಿಂದ ಬಂತೋ ಬೇರೆ ದಾರಿಯಿಂದಲೋ, C ಯಲ್ಲಿ ಮೂಲದ ಹೆಸರು, D ಯಲ್ಲಿ ಇದು ಯಾವುದರ ನಕಲು, E ಯಲ್ಲಿ ಸಾರಾಂಶ ಓದಿದ ಮೇಲಿನ ತೀರ್ಮಾನ, F ನಲ್ಲಿ ಪೂರ್ತಿ ಪ್ರತಿ ಸಿಕ್ಕಿತೇ, G ಯಲ್ಲಿ ಪೂರ್ತಿ ಓದಿದ ಮೇಲಿನ ತೀರ್ಮಾನ, H ನಲ್ಲಿ ಕೈಬಿಟ್ಟ ಕಾರಣ, I ಯಲ್ಲಿ ಯಾವ ಅಧ್ಯಯನಕ್ಕೆ ಸೇರಿದ್ದು. ಇಬ್ಬರು ಬೇರೆ ಬೇರೆಯಾಗಿ ಓದುವುದು ರೂಢಿ. ಅವರ ಬಿಡಿ ತೀರ್ಮಾನಗಳು ಬೇರೆ ಹಾಳೆಯಲ್ಲಿರಲಿ, ಇಬ್ಬರೂ ಒಪ್ಪಿದ ಕೊನೆಯ ತೀರ್ಮಾನ ಮಾತ್ರ ಇಲ್ಲಿಗೆ ಬರಲಿ. ಹೀಗಿದ್ದರೆ ಚಿತ್ರದ ಒಂದೊಂದು ಚೌಕವೂ ಒಂದೊಂದು ಸೂತ್ರ:

```
=COUNTIFS(B:B,"db",D:D,"",E:E,"exclude")
=COUNTIFS(B:B,"db",H:H,"no_comparator")
=COUNTA(UNIQUE(FILTER(I2:I855,G2:G855="include")))
```

ಮೊದಲನೆಯದು ಸಾರಾಂಶ ಓದಿ ಬಿಟ್ಟವು, ಎರಡನೆಯದು ಹೋಲಿಕೆಯ ಗುಂಪಿಲ್ಲ ಎಂದು ಬಿಟ್ಟವು, ಮೂರನೆಯದು ಉಳಿದ ಅಧ್ಯಯನಗಳು. ಕೈಯಿಂದ ಎಣಿಸಿ ಚೌಕಕ್ಕೆ ಬರೆದರೆ, ಒಂದು ತೀರ್ಮಾನ ಬದಲಾದಾಗ ಎಲ್ಲವನ್ನೂ ಮತ್ತೆ ಎಣಿಸಬೇಕಾಗುತ್ತದೆ. ಆ ಹೊತ್ತಿಗೆ ತಪ್ಪು ನುಸುಳಿಯೇ ನುಸುಳುತ್ತದೆ.

ನಕಲಿನ ವಿಷಯಕ್ಕೆ ಬರೋಣ. ತಂತ್ರಾಂಶ 298 ನಕಲು ಹಿಡಿಯಿತು. ಉಳಿದ 542ನ್ನು ಓದುತ್ತಾ ಹೋದಾಗ ಇನ್ನೂ 18 ನಕಲು ಕಣ್ಣಿಗೆ ಬಿತ್ತು. ಒಂದರಲ್ಲಿ ಲೇಖಕರ ಇನಿಷಿಯಲ್ ಮುಂದಿದೆ, ಇನ್ನೊಂದರಲ್ಲಿ ಹಿಂದಿದೆ, ತಂತ್ರಾಂಶಕ್ಕೆ ಅವು ಬೇರೆ ಎನಿಸಿತ್ತು. ಈ 18ನ್ನು ‘ಸಾರಾಂಶ ಓದಿ ಬಿಟ್ಟವು’ ಚೌಕಕ್ಕೆ ಹಾಕಿಬಿಡುವುದು ಬಹಳ ಸುಲಭ. ಆಗ ಓದಿದ್ದು 542, ಬಿಟ್ಟದ್ದು 479, ಉಳಿದದ್ದು 63. ಸರಿಯಾಗಿ ಮಾಡಿದರೆ ನಕಲು 316, ಓದಿದ್ದು 524, ಬಿಟ್ಟದ್ದು 461, ಉಳಿದದ್ದು ಮತ್ತೆ 63. ಎರಡೂ ದಾರಿಯಲ್ಲಿ ಕಳೆಯುವ ಲೆಕ್ಕ ಚೆನ್ನಾಗಿ ಕೂಡಿಬರುತ್ತದೆ. ಹಾಗಾಗಿ ಲೆಕ್ಕ ಕೂಡಿತು ಎಂದ ಮಾತ್ರಕ್ಕೆ ಚಿತ್ರ ಸರಿ ಎಂದು ಹೇಳುವಂತಿಲ್ಲ. ಈ ತಪ್ಪು ಸಿಕ್ಕಿಬೀಳುವುದು D ಅಂಕಣದಲ್ಲಿ. ನಕಲು ಎಂದು ಗುರುತಾದ ಸಾಲಿಗೆ E ಯಲ್ಲಿ ತೀರ್ಮಾನ ಇರಲೇಬಾರದು, ಇದ್ದರೆ ಅದನ್ನು ಖಾಲಿ ಮಾಡಬೇಕು.

ಇದರ ತಿರುಗುಮುರುಗು ತಪ್ಪು ಇನ್ನೂ ಕೆಟ್ಟದ್ದು. ಸಮ್ಮೇಳನದಲ್ಲಿ ಓದಿದ ಸಾರಾಂಶಕ್ಕೂ ಆಮೇಲೆ ಅಚ್ಚಾದ ಪೂರ್ಣ ಪ್ರಬಂಧಕ್ಕೂ ಒಂದೇ ಶೀರ್ಷಿಕೆ ಇದ್ದರೆ ತಂತ್ರಾಂಶ ನಕಲು ಎಂದು ಒಂದನ್ನು ಎಸೆಯುತ್ತದೆ. ಎಸೆದದ್ದು ಪೂರ್ಣ ಪ್ರಬಂಧವೇ ಆಗಿದ್ದರೆ ಮಾಹಿತಿಯೇ ಹೋಯಿತು. ಅವು ನಕಲಲ್ಲ, ಒಂದೇ ಅಧ್ಯಯನದ ಎರಡು ವರದಿ.

63 ವರದಿಗಳ ಪೂರ್ತಿ ಪ್ರತಿ ತರಿಸಲು ಹೊರಟಾಗ 5 ಸಿಗಲಿಲ್ಲ. ‘ಸಿಗಲಿಲ್ಲ’ ಎಂಬ ಚೌಕಕ್ಕೆ ಒಂದೇ ಅರ್ಥ: ಗ್ರಂಥಾಲಯದಲ್ಲಿ ಕೇಳಿದೆವು, ಲೇಖಕರಿಗೆ ಬರೆದೆವು, ಪ್ರತಿ ಕೈಗೆ ಬರಲಿಲ್ಲ. ನಮ್ಮ ಗಡಿನಾಡಿನಲ್ಲಿ ಇದನ್ನು ಎಚ್ಚರದಿಂದ ನೋಡಬೇಕು. ಮಲೆಯಾಳದಲ್ಲೋ ಕನ್ನಡದಲ್ಲೋ ಇರುವ ವರದಿ ಮೇಜಿನ ಮೇಲೇ ಇದೆ, ಆದರೆ ತಂಡದಲ್ಲಿ ಓದುವವರಿಲ್ಲ ಎಂದಾದರೆ ಅದು ‘ಸಿಗಲಿಲ್ಲ’ ಅಲ್ಲ. ಭಾಷೆಯ ನಿಯಮವನ್ನು ಮೊದಲೇ ಹಾಕಿಕೊಂಡಿದ್ದರೆ ‘ಭಾಷೆಯ ಕಾರಣಕ್ಕೆ ಬಿಟ್ಟದ್ದು’ ಎಂದೇ ಬರೆಯಬೇಕು. ಹಾಕಿಕೊಂಡಿಲ್ಲದಿದ್ದರೆ ಓದುವವರನ್ನು ಹುಡುಕಬೇಕು. ಕಾಸರಗೋಡಿನಲ್ಲಿ ಎರಡೂ ಭಾಷೆ ಓದುವವರಿಗೇನು ಬರ?

ಉಳಿದ 58ನ್ನು ಇಡಿಯಾಗಿ ಓದಿ 41 ಬಿಟ್ಟೆವು. ಚಿತ್ರ ಕಾರಣ ಕೇಳುವುದು ಇಲ್ಲಿ. ಒಂದು ವರದಿಯಲ್ಲಿ ಹೋಲಿಕೆಯ ಗುಂಪೂ ಇಲ್ಲ, ನಮಗೆ ಬೇಕಾದ ಆರೋಗ್ಯದ ಅಳತೆಯೂ ಇಲ್ಲ. ಇಬ್ಬರು ಓದುಗರೂ ಅದನ್ನು ಬಿಡಲು ಒಪ್ಪುತ್ತಾರೆ, ಆದರೆ ಒಬ್ಬರು ಮೊದಲ ಕಾರಣ ಬರೆಯುತ್ತಾರೆ, ಇನ್ನೊಬ್ಬರು ಎರಡನೆಯದನ್ನು. ಎರಡನ್ನೂ ಎಣಿಸಿದರೆ ಕಾರಣಗಳ ಮೊತ್ತ 41 ದಾಟುತ್ತದೆ. ಅಡಿಕೆ ವಿಂಗಡಿಸುವಾಗ ಒಂದು ಅಡಿಕೆಯಲ್ಲಿ ಎರಡು ದೋಷ ಕಂಡರೂ ಅದು ಎರಡು ಗೋಣಿಗೆ ಬೀಳುವುದಿಲ್ಲವಲ್ಲ, ಇಲ್ಲೂ ಹಾಗೆಯೇ. ಅದಕ್ಕೆ ಓದಲು ಕೂರುವ ಮೊದಲೇ ಪ್ರಶ್ನೆಗಳ ಸರದಿ ಗೊತ್ತುಮಾಡಿಕೊಳ್ಳಬೇಕು. ಇದು ಮೂಲ ಸಂಶೋಧನೆಯೇ? ಮಕ್ಕಳ ಬಗ್ಗೆಯೇ? ಎಂಡೋಸಲ್ಫಾನ್ ತಾಗಿದ್ದನ್ನು ಅಳೆದಿದ್ದಾರೆಯೇ? ಹೋಲಿಕೆಯ ಗುಂಪು ಇದೆಯೇ? ಬೇಕಾದ ಆರೋಗ್ಯದ ಅಳತೆ ಇದೆಯೇ? ಮೊದಲ ‘ಇಲ್ಲ’ ಎಲ್ಲಿ ಬರುತ್ತದೋ ಅದೇ ಕಾರಣ, ಅಲ್ಲಿಗೆ ನಿಲ್ಲಿಸಬೇಕು. ಹಾಗೆ ಮಾಡಿದಾಗ ಮೂಲ ಸಂಶೋಧನೆಯಲ್ಲ 4, ಮಕ್ಕಳ ಬಗ್ಗೆಯಲ್ಲ 3, ತಾಗಿದ್ದನ್ನು ಅಳೆದಿಲ್ಲ 11, ಹೋಲಿಕೆಯ ಗುಂಪಿಲ್ಲ 14, ಬೇಕಾದ ಅಳತೆಯಿಲ್ಲ 9. ಕೂಡಿದರೆ 41. ‘ಸಂಬಂಧವಿಲ್ಲ’, ‘ಇತರೆ’ ಎಂಬ ಕಾರಣಗಳನ್ನು ಒಪ್ಪಲೇಬಾರದು, ಅವು ಓದುವವರಿಗೆ ಏನನ್ನೂ ಹೇಳುವುದಿಲ್ಲ. ‘ಅದೇ ಅಧ್ಯಯನದ ಇನ್ನೊಂದು ವರದಿ’ ಎಂಬುದೂ ಬಿಡಲು ಕಾರಣವಲ್ಲ. ಅಂಥದ್ದನ್ನು ಒಳಗೆ ಸೇರಿಸಿ, I ಅಂಕಣದಲ್ಲಿ ಅದೇ ಅಧ್ಯಯನದ ಗುರುತು ಹಾಕಬೇಕು.

ಡೇಟಾಬೇಸಿನ ದಾರಿಯಲ್ಲಿ ಉಳಿದದ್ದು 17 ವರದಿ. ಸಂಸ್ಥೆಗಳ ಜಾಲತಾಣದಿಂದ 5, ಪ್ರಬಂಧಗಳ ಕೊನೆಯ ಉಲ್ಲೇಖ ಪಟ್ಟಿಗಳಿಂದ 9, ಹೀಗೆ ಇನ್ನೂ 14 ಸಿಕ್ಕಿತು. ಡೇಟಾಬೇಸಿನಲ್ಲಿ ಆಗಲೇ ಬಂದದ್ದನ್ನು ಇಲ್ಲಿ ಮತ್ತೆ ಎಣಿಸಿಲ್ಲ. ಇವು ಚಿತ್ರದ ಬಲಬದಿಯ ಬೇರೆಯೇ ಸಾಲಿಗೆ ಹೋಗುತ್ತವೆ. ಸಂಸ್ಥೆಗಳ ಪುಸ್ತಿಕೆಗಳು ಎಷ್ಟೋ ಸಲ ಡೇಟಾಬೇಸಿಗೆ ಸೇರಿರುವುದೇ ಇಲ್ಲ, ಆದ್ದರಿಂದ ಈ ದಾರಿ ಬಿಟ್ಟರೆ ನಮ್ಮ ಊರಿನಂಥ ಕಡೆಯ ಕೆಲಸ ಲೆಕ್ಕಕ್ಕೇ ಬರುವುದಿಲ್ಲ. 14ರಲ್ಲಿ 2 ಸಿಗಲಿಲ್ಲ, 12 ಓದಿ 8 ಬಿಟ್ಟೆವು, 4 ಉಳಿಯಿತು. 17ಕ್ಕೆ 4 ಸೇರಿ 21 ವರದಿ. ಒಂದೇ ಅಧ್ಯಯನಕ್ಕೆ ಸೇರಿದವನ್ನು ಜೋಡಿಸಿದಾಗ 16 ಅಧ್ಯಯನ. ಕೊನೆಯ ಚೌಕದಲ್ಲಿ ಈ ಎರಡೂ ಸಂಖ್ಯೆ ಬರೆಯಬೇಕು. 21 ಮಾತ್ರ ಬರೆದರೆ ಪಡ್ರೆಯ ಹುಡುಗರನ್ನೇ ಎರಡು ಸಲ ಎಣಿಸಿದಂತಾಗುತ್ತದೆ, ಸಾಕ್ಷ್ಯ ಇರುವುದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ.

ಚಿತ್ರದ ಜೊತೆಗಿನ ಬರಹ ಚಿತ್ರದ ಮಾತುಗಳನ್ನೇ ಬಳಸಬೇಕು. ‘840 ಅಧ್ಯಯನ ಸಿಕ್ಕಿತು’ ಎಂದು ಬರೆದರೆ ಅಲ್ಲಿಗೆ ದಾರಿ ತಪ್ಪಿತು. ಹೀಗೆ ಬರೆಯಬಹುದು:

‘ಮೂರು ಡೇಟಾಬೇಸುಗಳಲ್ಲಿ 840 ದಾಖಲೆ ಸಿಕ್ಕಿದವು. 316 ನಕಲು ತೆಗೆದ ಮೇಲೆ 524 ದಾಖಲೆಗಳ ಶೀರ್ಷಿಕೆ ಮತ್ತು ಸಾರಾಂಶ ಓದಿ 461 ಕೈಬಿಟ್ಟೆವು. 63 ವರದಿಗಳಲ್ಲಿ 5 ಸಿಗಲಿಲ್ಲ. 58 ವರದಿ ಪೂರ್ತಿ ಓದಿ 41 ಕೈಬಿಟ್ಟೆವು, ಹೆಚ್ಚಿನವು ಹೋಲಿಕೆಯ ಗುಂಪಿಲ್ಲದ್ದು (14) ಮತ್ತು ತಾಗಿದ್ದನ್ನು ಅಳೆಯದ್ದು (11). ಬೇರೆ ದಾರಿಗಳಿಂದ ಸಿಕ್ಕ 14ರಲ್ಲಿ 4 ವರದಿ ಸೇರಿಸಿದೆವು. ಒಟ್ಟು 16 ಅಧ್ಯಯನಗಳ 21 ವರದಿ ಈ ಅವಲೋಕನದಲ್ಲಿವೆ.’

ಕೊನೆಯ ಗಳಿಗೆಯಲ್ಲಿ ಒಂದು ವರದಿ ಸೇರಿದರೆ ಚಿತ್ರ ಬದಲಾಗುತ್ತದೆ, ಆದರೆ ಲೇಖನದ ಸಾರಾಂಶದಲ್ಲಿ ಹಳೆಯ ಸಂಖ್ಯೆ ಹಾಗೇ ಉಳಿದುಬಿಡುತ್ತದೆ. ಸಾರಾಂಶ, ಫಲಿತಾಂಶದ ಬರಹ, ಚಿತ್ರ, ಅಧ್ಯಯನಗಳ ಪಟ್ಟಿ, ಈ ನಾಲ್ಕನ್ನೂ ಮುದ್ರಿಸಿ ಪಕ್ಕಪಕ್ಕ ಇಟ್ಟುಕೊಂಡು, ಒಬ್ಬರು ಓದಿ ಇನ್ನೊಬ್ಬರು ಪೆನ್ಸಿಲಿನಲ್ಲಿ ಗುರುತು ಹಾಕುವುದೇ ಇದನ್ನು ಹಿಡಿಯುವ ದಾರಿ.

ಇನ್ನೊಂದು ಪಟ್ಟಿಯನ್ನೂ ಪ್ರಿಸ್ಮಾ ಕೇಳುತ್ತದೆ, ಬಹಳ ಮಂದಿ ಅದನ್ನು ಬಿಟ್ಟುಬಿಡುತ್ತಾರೆ. ಸೇರಬೇಕಿತ್ತು ಎಂದು ಓದುವವರಿಗೆ ಅನಿಸಬಹುದಾದ, ಆದರೆ ಕೈಬಿಟ್ಟ ವರದಿಗಳನ್ನು ಹೆಸರು ಹಿಡಿದು, ಕಾರಣ ಸಹಿತ ಕೊಡಬೇಕು. ‘ಹೋಲಿಕೆಯ ಗುಂಪಿಲ್ಲ, 14’ ಎಂಬ ಸಾಲನ್ನು ಚಿತ್ರದಲ್ಲಿ ನೋಡಿದ ಎಣ್ಮಕಜೆಯವರೊಬ್ಬರಿಗೆ ತಮ್ಮ ಊರಿನ ಸರ್ವೆ ಆ ಹದಿನಾಲ್ಕರಲ್ಲಿ ಸೇರಿದೆಯೋ, ತಂಡಕ್ಕೆ ಅದು ಸಿಕ್ಕಿಯೇ ಇಲ್ಲವೋ ಎಂದು ತಿಳಿಯುವುದು ಆ ಪಟ್ಟಿಯಿಂದಲೇ. H ಅಂಕಣ ತುಂಬಿದ್ದರೆ ಪಟ್ಟಿ ಆಗಲೇ ತಯಾರಾಗಿರುತ್ತದೆ.