ಒಂದೇ 81, ಆದರೆ ಗೆರೆಗಳು ಬೇರೆ ಬೇರೆ ಕಡೆ ಯಾಕೆ?

ಡೊಂಬಿವಲಿಯ ಓದುಗರೊಬ್ಬರ ಪ್ರಶ್ನೆ: "ಮುಂಬೈಯಲ್ಲೇ ಅಚ್ಚಾದ ಎರಡು ಪುಸ್ತಕ ನನ್ನ ಹತ್ತಿರ ಇವೆ. ಒಂದು ಕನ್ನಡ ಕವನ ಸಂಕಲನ, ಇನ್ನೊಂದು ಮರಾಠಿ ಕಾದಂಬರಿ. ಎರಡರ ಹಿಂದೆಯೂ ಇರೋ ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, 978-81 ಅಂತಲೇ ಶುರುವಾಗುತ್ತೆ. ಆಮೇಲೆ ಬರೋ ಗೆರೆಗಳು ಮಾತ್ರ ಬೇರೆ ಬೇರೆ ಕಡೆ. ಅಚ್ಚಿನ ತಪ್ಪಾ?"

ತಪ್ಪಲ್ಲ. ಕವನ ಸಂಕಲನದ್ದು ಹೀಗಿದೆ ಅಂದುಕೊಳ್ಳಿ (ಸಂಖ್ಯೆ ನಾನೇ ಕಟ್ಟಿದ್ದು): 978-81-912345-6-5.

978 ಅಂದರೆ ಇದು ಪುಸ್ತಕ ಅನ್ನೋ ಗುರುತು. 2007ಕ್ಕೆ ಮೊದಲು ಹತ್ತೇ ಅಂಕಿ ಇದ್ದಾಗ ಇದು ಐಎಸ್‌ಬಿಎನ್‌ನ ಭಾಗ ಆಗಿರಲಿಲ್ಲ. 81 ಭಾರತದ್ದು. ಕನ್ನಡವೋ ಮರಾಠಿಯೋ ಅಂತ ಅದು ಹೇಳೋದಿಲ್ಲ. ಭಾರತಕ್ಕೆ 93 ಕೂಡ ಇದೆ.

ಮಜಾ ಇರೋದು ಮುಂದಿನ ಎರಡು ಗುಂಪಿನಲ್ಲಿ. ಪ್ರಕಾಶಕರ ಸಂಖ್ಯೆ, ಪುಸ್ತಕದ ಸಂಖ್ಯೆ ಎರಡೂ ಸೇರಿ ಇಲ್ಲಿ ಏಳೇ ಅಂಕಿ. ಒಬ್ಬರಿಗೆ ಜಾಸ್ತಿ ಕೊಟ್ಟರೆ ಇನ್ನೊಬ್ಬರಿಗೆ ಕಡಿಮೆ. ನಮ್ಮ ಕವಿ ತಾವೇ ಪ್ರಕಾಶಕರು. ಅವರ ಸಂಖ್ಯೆ ಆರು ಅಂಕಿಯದ್ದು, ಹಾಗಾಗಿ ಪುಸ್ತಕಕ್ಕೆ ಉಳಿದಿದ್ದು ಒಂದೇ ಅಂಕಿ. ಸೊನ್ನೆಯಿಂದ ಒಂಬತ್ತರವರೆಗೆ, ಅಂದರೆ ಹತ್ತೇ ಪುಸ್ತಕ. ಹನ್ನೊಂದನೆಯದು ತರಬೇಕಾದರೆ ಹೊಸ ಸಂಖ್ಯೆ ಕೇಳಬೇಕು. ನಿಮ್ಮ ಮರಾಠಿ ಕಾದಂಬರಿಯಲ್ಲಿ 81 ಆದ ಮೇಲೆ ನಾಲ್ಕೇ ಅಂಕಿಗೆ ಗೆರೆ ಬಂದಿದ್ದರೆ, ಆ ಪ್ರಕಾಶಕರಿಗೆ ಪುಸ್ತಕಕ್ಕೆ ಮೂರು ಅಂಕಿ, ಸಾವಿರ ಪುಸ್ತಕಕ್ಕೆ ಜಾಗ. ಗೆರೆ ಬೇಗ ಬಂದಷ್ಟೂ ದೊಡ್ಡ ಪ್ರಕಾಶಕರು, ಅಲ್ವಾ? ಹೆಚ್ಚಾಗಿ ಹೌದು. ದೊಡ್ಡವರೂ ಒಂದು ಕಂತು ಮುಗಿದ ಮೇಲೆ ಇನ್ನೊಂದು ತಗೊಳ್ಳೋದರಿಂದ, ಒಬ್ಬರೇ ಪ್ರಕಾಶಕರಿಗೆ ಎರಡು ಮೂರು ಸಂಖ್ಯೆ ಇರಬಹುದು.

ಕೊನೆಯ 5 ಸುಮ್ನೆ ಇಟ್ಟಿದ್ದಲ್ಲ. ಅದಕ್ಕಿಂತ ಹಿಂದಿನ ಹನ್ನೆರಡು ಅಂಕಿಗಳಲ್ಲಿ ಒಂದು, ಮೂರು, ಐದು ಹೀಗೆ ಬೆಸ ಜಾಗದವನ್ನು ಕೂಡಿ: 9+8+1+1+3+5, 27. ಸಮ ಜಾಗದವನ್ನು ಕೂಡಿ, ಮೂರರಿಂದ ಗುಣಿಸಿ: 7+8+9+2+4+6, 36, ಮೂರು ಪಟ್ಟು 108. ಒಟ್ಟು 135. ಮುಂದಿನ ಹತ್ತರ ಗುಣಕ 140, ಕೊರತೆ 5. ಅದೇ ಕೊನೆಯ ಅಂಕಿ.

ನಾನೊಮ್ಮೆ ಗೆಳೆಯರ ಪುಸ್ತಕದ ಕರಡು ನೋಡುವಾಗ 2, 3 ಅದಲುಬದಲಾಗಿದ್ದು ಗೊತ್ತೇ ಆಗಲಿಲ್ಲ. ಮಾಟುಂಗದ ಅಂಗಡಿಯ ಕಂಪ್ಯೂಟರ್ ಒಪ್ಪದೆ ಕೂತಾಗಲೇ ತಿಳಿದಿದ್ದು. ಮೇಲಿನ ಸಂಖ್ಯೆಯಲ್ಲೇ ಅದಲುಬದಲು ಮಾಡಿ ಕೂಡಿ ನೋಡಿ: ಒಟ್ಟು 137, ಬೇಕಾದ್ದು 3, ಅಚ್ಚಾಗಿರೋದು 5. ಆದರೆ ಅಕ್ಕಪಕ್ಕದ ಅಂಕಿಗಳಿಗೆ ಐದರ ವ್ಯತ್ಯಾಸ ಇದ್ದರೆ, ಉದಾಹರಣೆಗೆ 2 ಮತ್ತು 7, ಜಾಗ ಬದಲಾದರೂ ಮೊತ್ತ ಸರಿಯಾಗಿ ಹತ್ತು ಹೆಚ್ಚು ಕಡಿಮೆ ಆಗುತ್ತೆ ಅಷ್ಟೇ. ಕೊನೆಯ ಅಂಕಿ ಹಾಗೇ ಇರುತ್ತೆ, ಕಂಪ್ಯೂಟರ್‌ಗೂ ಗೊತ್ತಾಗೋದಿಲ್ಲ.