ಸೋಗೆ ಬಿದ್ದ ಸದ್ದಿಗೆ ದೇವರು ಹುಟ್ಟುತ್ತಾನಾ?

ರಾತ್ರಿ ಅಡಿಕೆ ತೋಟದಲ್ಲಿ ಒಬ್ಬರೇ ಹೋಗುತ್ತಿರುವಾಗ ಹಿಂದೆ ದೊಪ್ ಅಂತ ಸದ್ದಾದರೆ, "ಏನು ಬಿತ್ತು?" ಅಂತ ಯಾರೂ ಕೇಳುವುದಿಲ್ಲ. "ಯಾರದು?" ಅಂತಲೇ ಬಾಯಿಗೆ ಬರುತ್ತದೆ. ಕಾಲು ನಿಂತುಬಿಡುತ್ತದೆ, ಎದೆ ಡವಡವ ಅನ್ನುತ್ತದೆ. ತಿರುಗಿ ಟಾರ್ಚ್ ಬಿಟ್ಟರೆ ಒಣಗಿದ ಸೋಗೆ, ಹಾಳೆ ಸಮೇತ ಬಿದ್ದಿರುತ್ತದೆ.

ಈ "ಯಾರದು?" ಎಂಬ ಪ್ರಶ್ನೆಯಲ್ಲೇ ದೇವರ ಕಲ್ಪನೆಯ ಬೇರಿದೆ ಅಂತ ಕೆಲವು ವಿಜ್ಞಾನಿಗಳು ಹೇಳುತ್ತಾರೆ. 1980ರಲ್ಲಿ ಸ್ಟ್ಯುವರ್ಟ್ ಗತ್ರಿ ಎಂಬ ಮಾನವಶಾಸ್ತ್ರಜ್ಞ ಈ ವಾದವನ್ನು ಮುಂದಿಟ್ಟರು. 2000ದಲ್ಲಿ ಮನಶ್ಶಾಸ್ತ್ರಜ್ಞ ಜಸ್ಟಿನ್ ಬ್ಯಾರೆಟ್ ಅದಕ್ಕೊಂದು ಹೆಸರು ಕೊಟ್ಟರು: ಹೈಪರ್‌ಆಕ್ಟಿವ್ ಏಜೆಂಟ್ ಡಿಟೆಕ್ಷನ್ ಡಿವೈಸ್. ಯಾರೂ ಇಲ್ಲದ ಕಡೆಯೂ "ಯಾರೋ ಇದ್ದಾರೆ" ಅಂತ ಗಂಟೆ ಬಾರಿಸುವ, ಮನಸ್ಸಿನ ಅತಿ ಚುರುಕು ಕಾವಲುಗಾರ ಅನ್ನಬಹುದು.

ಲೆಕ್ಕ ಸರಳ. ಕಾಡಿನಲ್ಲಿ 100 ಸಲ ಪೊದೆ ಅಲುಗಿತು ಅಂದುಕೊಳ್ಳಿ. 99 ಸಲ ಗಾಳಿ, ಒಂದು ಸಲ ಚಿರತೆ. ಪ್ರತಿ ಸಲವೂ ಓಡಿದವನಿಗೆ 99 ಸಲ ಸುಮ್ನೆ ಏದುಸಿರು, ಅಷ್ಟೇ. "ಬರೀ ಗಾಳಿ" ಅಂತ ಪ್ರತಿ ಸಲ ನಿಂತವನು ಆ ಒಂದೇ ಸಲಕ್ಕೆ ಸತ್ತ. ನಾವೆಲ್ಲ ಓಡಿದವರ ಮಕ್ಕಳು. ಹಾಗಾಗಿ ನಮ್ಮ ಮನಸ್ಸು ತಪ್ಪಿದರೂ ಪರವಾಗಿಲ್ಲ, ಹಗ್ಗವನ್ನು ಹಾವು ಅನ್ನುವ ಕಡೆಗೇ ವಾಲುತ್ತದೆ.

1944ರಲ್ಲಿ ಹೈಡರ್ ಮತ್ತು ಸಿಮ್ಮೆಲ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪುಟ್ಟ ಚಲನಚಿತ್ರ ತೋರಿಸಿದ ಪ್ರಯೋಗ ಪ್ರಕಟಿಸಿದರು. ಅದರಲ್ಲಿ ಬಾಗಿಲಿರುವ ಒಂದು ಆಯತದ ಒಳಗೆ ಹೊರಗೆ ಎರಡು ತ್ರಿಕೋನ, ಒಂದು ವೃತ್ತ ಓಡಾಡುತ್ತವೆ, ಬೇರೇನೂ ಇಲ್ಲ. ನೋಡಿದ್ದನ್ನು ಬರೆಯಿರಿ ಅಂದಾಗ 34 ಜನರಲ್ಲಿ ಒಬ್ಬರು ಮಾತ್ರ ಅದನ್ನು ಬರೀ ಆಕಾರಗಳಾಗಿ ವಿವರಿಸಿದರು. ಉಳಿದವರಿಗೆ ಅಲ್ಲಿ ಜೀವ ಇರುವವರೇ ಕಂಡರು.

ಇಷ್ಟರವರೆಗೆ ನನಗೆ ಒಪ್ಪಿಗೆ. ಆದರೆ ತೋಟಕ್ಕೆ ವಾಪಸ್ ಬನ್ನಿ. ಟಾರ್ಚ್ ಬಿಟ್ಟೆವು, ಸೋಗೆ ಕಂಡಿತು, ನಕ್ಕು ಮುಂದೆ ಹೋದೆವು. ಸೋಗೆಗೆ ಯಾರೂ ಗುಡಿ ಕಟ್ಟಲಿಲ್ಲ. ಇಂಥ ತಪ್ಪು ಗಂಟೆಗಳು ನೂರಾರು ಸಲ ಹೊಡೆಯುತ್ತವೆ, ಮರುಕ್ಷಣ ಅಳಿಸಿಹೋಗುತ್ತವೆ. ಹಾಗಿದ್ದರೆ ಒಂದು ಕ್ಷಣದ ಬೆಚ್ಚುವಿಕೆ ತಲೆಮಾರುಗಟ್ಟಲೆ ಉಳಿಯುವ ದೇವರಾಗುವುದು ಹೇಗೆ?

ಪ್ರಯೋಗಗಳೂ ಇದೇ ಜಾಗದಲ್ಲಿ ಎಡವುತ್ತವೆ. ನೆದರ್ಲೆಂಡ್ಸ್‌ನ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನರಿಗೆ ಬೆದರಿಕೆ ಅನ್ನಿಸುವಂಥ ಸನ್ನಿವೇಶ ಒಡ್ಡಿ ನೋಡಿದರು. ಚಿರತೆಯ ಲೆಕ್ಕದ ಪ್ರಕಾರ ಆಗ ಇಲ್ಲದವರು ಜಾಸ್ತಿ ಕಾಣಬೇಕಿತ್ತು. ಹಾಗಾಗಲಿಲ್ಲ. ಅದೇ ವರ್ಷ ಡೆನ್ಮಾರ್ಕ್‌ನ ಮಾರ್ಕ್ ಆಂಡರ್ಸನ್ ಮತ್ತು ಜೊತೆಗಾರರು ಜನರನ್ನು ವರ್ಚುವಲ್ ಕಾಡಿನಲ್ಲಿ ನಡೆಸಿದ ಪ್ರಯೋಗ ಪ್ರಕಟವಾಯಿತು. "ಇಲ್ಲಿ ಯಾರಾದರೂ ಎದುರಾಗುವ ಸಾಧ್ಯತೆ ಜಾಸ್ತಿ" ಅಂತ ಮೊದಲೇ ಹೇಳಿ, ನೋಟವೂ ಮಬ್ಬಾಗಿದ್ದಾಗ, ಜನ ಇಲ್ಲದವರನ್ನು ಹೆಚ್ಚು ಕಂಡರು. ಅಂದರೆ ಗಂಟೆ ಬಾರಿಸುವುದರಲ್ಲಿ ನಾವು ಮೊದಲೇ ಕೇಳಿದ ಮಾತಿಗೂ ದೊಡ್ಡ ಪಾಲಿದೆ.

ಮಾನವಿಕ ವಿದ್ವಾಂಸರು ಕೈ ಇಡುವುದು ಇಲ್ಲೇ. ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್ಮನ್ ಅಮೆರಿಕದ ಕೆಲವು ಕ್ರೈಸ್ತ ಸಭೆಗಳ ಜೊತೆ ಇದ್ದು ನೋಡಿದರು. ಅಲ್ಲಿ ಕೆಲವರು ದೇವರಿಗೆ ಅಂತ ಇನ್ನೊಂದು ಕಪ್ ಕಾಫಿ ಬಗ್ಗಿಸಿ ಎದುರಿಗಿಟ್ಟು ಮಾತಾಡುತ್ತಾರೆ. ತಲೆಯಲ್ಲಿ ಬಂದ ಯಾವ ಯೋಚನೆ ತನ್ನದು, ಯಾವುದು ದೇವರದು ಅಂತ ಬೇರ್ಪಡಿಸುವುದನ್ನು ಅಭ್ಯಾಸ ಮಾಡುತ್ತಾರೆ. ಅದಕ್ಕೆ ಬಹಳ ಕಾಲ ಬೇಕು, ಎಲ್ಲರಿಗೂ ಒಲಿಯುವುದಿಲ್ಲ. ದೇವರನ್ನು ಕಾಣುವುದು ತಾನಾಗಿ ಹೊಡೆಯುವ ಗಂಟೆಯಾಗಿದ್ದರೆ ಇಷ್ಟು ಪಾಡು ಯಾಕೆ?

ಜೈಪುರದ ಜೈನರ ಬಗ್ಗೆ ಕೆಲಸ ಮಾಡಿದ ಮಾನವಶಾಸ್ತ್ರಜ್ಞ ಜೇಮ್ಸ್ ಲೇಡ್ಲಾ ಅವರ ಆಕ್ಷೇಪ ಇನ್ನೂ ಆಳದ್ದು. ಜನರಿಗೆ ಗೊತ್ತಿಲ್ಲದೆ ಹುಟ್ಟುವ ಊಹೆಗಳನ್ನು ಈ ಸಿದ್ಧಾಂತ ವಿವರಿಸಬಹುದು, ಆದರೆ ಅವರು ಯೋಚಿಸಿ, ವಾದಿಸಿ, ಮನಸ್ಸು ಮಾಡಿ ಕಟ್ಟಿಕೊಂಡಿದ್ದು ಅದರ ಕೈಗೆ ಸಿಗುವುದಿಲ್ಲ. ಬೆಂಗಳೂರಿನಲ್ಲಿ ಹುಟ್ಟಿ ಬೆಲ್ಜಿಯಂನ ಗೆಂಟ್‌ನಲ್ಲಿ ಪಾಠ ಮಾಡಿದ ಎಸ್. ಎನ್. ಬಾಲಗಂಗಾಧರ ಅವರು ಇನ್ನೂ ಹಿಂದಕ್ಕೆ ಹೋಗುತ್ತಾರೆ. ರಿಲಿಜನ್ ಎಲ್ಲ ಕಡೆ ಇದ್ದೇ ಇರುತ್ತದೆ ಅನ್ನುವುದೇ ಕ್ರೈಸ್ತ ದೇವತಾಶಾಸ್ತ್ರದಿಂದ ಬಂದ ಊಹೆ ಅನ್ನುತ್ತಾರೆ. ಅವರ ತೀರ್ಮಾನವನ್ನು ನಾನು ಪೂರ್ತಿ ಒಪ್ಪಲಾರೆ, ಪ್ರಶ್ನೆ ಮಾತ್ರ ಸರಿಯಾದದ್ದೇ.

ಶ್ರವಣಬೆಳಗೊಳದ ಬಾಹುಬಲಿಯನ್ನೇ ನೋಡಿ. ಜೈನರ ಪ್ರಕಾರ ಮುಕ್ತಿ ಪಡೆದವನು ವರ ಕೊಡುವುದಿಲ್ಲ, ಸಿಟ್ಟಾಗುವುದಿಲ್ಲ, ಜಗತ್ತಿನಲ್ಲಿ ಏನೂ ಮಾಡುವುದಿಲ್ಲ. ಆದರೂ ಲಕ್ಷಾಂತರ ಜನ ಬೆಟ್ಟ ಹತ್ತಿ ಕೈಮುಗಿಯುತ್ತಾರೆ. ಅಲ್ಲಿ "ಯಾರದು?" ಎಂಬ ಪ್ರಶ್ನೆಗೆ ಕೆಲಸವೇ ಇಲ್ಲ.

ಬ್ಯಾರೆಟ್ ಕಡೆಯವರ ಬಳಿ ಇದಕ್ಕೆ ಉತ್ತರ ಇದೆ, ಅದನ್ನೂ ಹೇಳಬೇಕು. ಬ್ಯಾರೆಟ್ ಮತ್ತು ಫ್ರ್ಯಾಂಕ್ ಕೀಲ್ 1996ರಲ್ಲಿ ತೋರಿಸಿದ್ದು ಇದು: "ದೇವರು ಎಲ್ಲೆಡೆ ಇದ್ದಾನೆ" ಅನ್ನುವವರೇ ಕಥೆ ನೆನಪಿಸಿಕೊಳ್ಳುವಾಗ ಅವನನ್ನು ಒಂದು ಕೆಲಸ ಮುಗಿಸಿ ಇನ್ನೊಂದಕ್ಕೆ ಹೋಗುವ ಮನುಷ್ಯನಂತೆ ಕಾಣುತ್ತಾರೆ. ಶಾಸ್ತ್ರ ಒಂದು ಹೇಳಿದರೆ ಮನಸ್ಸು ಇನ್ನೊಂದು ಕಡೆ ಜಾರುತ್ತದೆ. ಜೈನರದೇ ಕ್ಷೇತ್ರವಾದ ಹೊಂಬುಜದಲ್ಲಿ ಜನ ಹರಕೆ ಹೊರುವುದು ಯಕ್ಷಿ ಪದ್ಮಾವತಿಗೆ ಅಲ್ವಾ? ಕೇಳಿಸಿಕೊಳ್ಳುವವಳೊಬ್ಬಳು ಬೇಕೇ ಬೇಕಾಯಿತು.

ಇದು ಗಟ್ಟಿ ಉತ್ತರವೇ. ಆದರೂ ನನಗೆ ಒಂದು ತೊಡಕು ಉಳಿಯುತ್ತದೆ. ಅಲ್ಲಿ ಯಕ್ಷಿಯದ್ದೂ ಕಲ್ಲಿನ ಮೂರ್ತಿ, ತೀರ್ಥಂಕರನದ್ದೂ ಕಲ್ಲಿನ ಮೂರ್ತಿ. ಎರಡಕ್ಕೂ ಕಣ್ಣು, ಮೂಗು, ಬಾಯಿ ಇವೆ. ಕಾವಲುಗಾರನಿಗೆ ಎರಡೂ ಒಂದೇ. ಈಕೆ ಕೇಳಿಸಿಕೊಳ್ಳುತ್ತಾಳೆ, ಆತ ಕೇಳಿಸಿಕೊಳ್ಳುವುದಿಲ್ಲ ಅಂತ ಮಗುವಿಗೆ ಹೇಳಿಕೊಟ್ಟಿದ್ದು ಪಕ್ಕದಲ್ಲಿ ಕೈ ಹಿಡಿದು ನಿಂತಿದ್ದ ಅಜ್ಜಿ.